ಹೆಬ್ಬೆರಳ ಬುಡದಲ್ಲಿ ಬಿದ್ದ ಗುಳಿ

ಪ್ರಶ್ನೆ: ಸರ್, ನಾವು ಮದ್ದೂರು ಕಡೆಯವರು. ನಮ್ಮಣ್ಣನಿಗೆ 51 ವರ್ಷ, ಕಬ್ಬು ಭತ್ತ ಬೆಳೀತಾರೆ. ಎಂಟು ತಿಂಗಳಿಂದ ಬಲಗೈಲಿ ಶಕ್ತಿ ಇಲ್ಲ. ಹೆಬ್ಬೆರಳ ಹತ್ತಿರ ಗುಳಿ ಬಿದ್ದಿದೆ, ತೋಳಲ್ಲಿ ಮಾಂಸ ಪಟಪಟ ಅಂತ ಅದುರುತ್ತೆ. ನೋವಿಲ್ಲ. ಒಬ್ಬ ಡಾಕ್ಟರು ಮೋಟಾರ್ ನ್ಯೂರಾನ್ ಕಾಯಿಲೆ ಇರಬಹುದು ಅಂದರು. ಇನ್ನೊಬ್ಬರು ಸಿಪಿಕೆ 420 ಇದೆ, ಮಸಲ್ ಕಾಯಿಲೆ ಅಂತಾರೆ. ನಮ್ಮ ಚಿಕ್ಕಪ್ಪನ ಮಗನಿಗೂ ಚಿಕ್ಕಂದಿನಿಂದ ಮಸಲ್ ಕಾಯಿಲೆ ಇದೆ, 13 ವರ್ಷ, ಈಗ ನಡೆಯೋಕಾಗಲ್ಲ. ಇದೂ ಅದೇನಾ? ಗದ್ದೆಗೆ ಔಷಧಿ ಹೊಡೆದಿದ್ದಕ್ಕೆ ಬಂತಾ? ಅಣ್ಣನ ಮಕ್ಕಳಿಗೂ ಬರುತ್ತಾ?

ಉತ್ತರ: ಅದೇ ಅಲ್ಲ. ಆ ಹುಡುಗನ ಕಾಯಿಲೆ ಸ್ನಾಯುವಿನೊಳಗೇ ಹುಟ್ಟಿದ್ದು. ನಿಮ್ಮಣ್ಣನದು, ಮೊದಲ ಡಾಕ್ಟರ ಅನುಮಾನ ಸರಿಯಿದ್ದರೆ, ಸ್ನಾಯುವಿಗೆ ಆಜ್ಞೆ ಕಳಿಸುವ ನರಕೋಶದ್ದು. ಕೈ ಮುಟ್ಟಿ ನೋಡದೆ ನಾನು ಹೆಸರಿಡಲಾರೆ. ಆದರೆ ನೀವು ಬರೆದಿರುವುದರಲ್ಲಿ ರಕ್ತದ ಸಿಪಿಕೆಗಿಂತ ದೊಡ್ಡ ಸುಳಿವುಗಳಿವೆ. ಒಂದೇ ಕೈ, ಹೆಬ್ಬೆರಳ ಬುಡ, ಅದುರುವ ಮಾಂಸ. ನಾನಾದರೆ ಅವುಗಳಿಂದಲೇ ಶುರುಮಾಡುತ್ತೇನೆ.

ನಿಮ್ಮ ಗದ್ದೆಯ ಪಂಪ್‌ಸೆಟ್ಟನ್ನೇ ತೆಗೆದುಕೊಳ್ಳಿ. ಸಬ್‌ಸ್ಟೇಷನ್ನಿಂದ ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್‌ವರೆಗೆ ಒಂದು ಲೈನು. ಟಿಸಿಯಿಂದ ನಾಲ್ಕಾರು ಮೋಟಾರುಗಳಿಗೆ ಇನ್ನೊಂದು ಲೈನು. ಮೈಯಲ್ಲೂ ಹಾಗೆಯೇ. ಮೆದುಳಿನ ಮೇಲ್ಪದರದ ನರಕೋಶದಿಂದ ಒಂದು ಎಳೆ ಬೆನ್ನುಹುರಿಗೆ ಇಳಿಯುತ್ತದೆ. ಇದನ್ನು ಮೇಲಿನ ನರಕೋಶ ಎನ್ನೋಣ. ಬೆನ್ನುಹುರಿಯಲ್ಲಿ ಕೂತ ಇನ್ನೊಂದು ಕೋಶ ಅದರ ಮಾತು ಕೇಳಿಸಿಕೊಂಡು ಸ್ನಾಯುವಿಗೆ ತನ್ನ ಎಳೆ ಚಾಚುತ್ತದೆ. ಇದು ಕೆಳಗಿನ ನರಕೋಶ, ನಮ್ಮ ಟಿಸಿ. ಒಂದು ಟಿಸಿ ಹಲವು ಮೋಟಾರು ನಡೆಸುವಂತೆ, ಅಂಗೈಯ ಸಣ್ಣ ಸ್ನಾಯುಗಳಲ್ಲಿ ಒಂದು ಕೋಶದ ಕೈಕೆಳಗೆ ನೂರರ ಆಸುಪಾಸು ಸ್ನಾಯು ಎಳೆಗಳಿರುತ್ತವೆ. ಮೀನಖಂಡದಲ್ಲಿ ಸಾವಿರಕ್ಕೂ ಜಾಸ್ತಿ.

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಟಿಸಿಗಳು ಒಂದೊಂದಾಗಿ ಸುಟ್ಟುಹೋಗುತ್ತವೆ. ಅದರ ಕೆಳಗಿನ ಎಳೆಗಳು ಅನಾಥವಾಗುತ್ತವೆ. ಆಗ ಪಕ್ಕದ ಕೋಶ ಸುಮ್ನೆ ಕೂರುವುದಿಲ್ಲ. ಹೊಸ ಕವಲು ಬಿಟ್ಟು ಆ ಎಳೆಗಳನ್ನೂ ತನ್ನ ಲೈನಿಗೆ ಎಳೆದುಕೊಳ್ಳುತ್ತದೆ. ನೂರು ಎಳೆ ನಡೆಸುತ್ತಿದ್ದದ್ದು ಈಗ ಇನ್ನೂರು, ಮುನ್ನೂರು ನಡೆಸುತ್ತದೆ. ಹೀಗೆ ಬಹಳ ದಿನ ಹೊರಗೆ ಏನೂ ಗೊತ್ತಾಗುವುದಿಲ್ಲ. ಕೈಯಲ್ಲಿ ಶಕ್ತಿ ಕಡಿಮೆ ಅಂತ ಅನ್ನಿಸುವ ಹೊತ್ತಿಗೆ ಆ ಸ್ನಾಯುವಿನ ನರಕೋಶಗಳಲ್ಲಿ ದೊಡ್ಡದೊಂದು ಪಾಲು ಹೋಗಿಯಾಗಿರುತ್ತದೆ. ಹಾಗಾಗಿ ನೀವು ಹೇಳುವ ಎಂಟು ತಿಂಗಳು ನೀವು ಕಂಡ ಲೆಕ್ಕ ಅಷ್ಟೇ. ಕಾಯಿಲೆಯ ವಯಸ್ಸು ಅದಕ್ಕಿಂತ ಹೆಚ್ಚು.

ಸ್ನಾಯುವಿನ ಕಾಯಿಲೆಯಲ್ಲಿ ಲೈನೂ ಸರಿ, ಟಿಸಿಯೂ ಸರಿ. ಮೋಟಾರುಗಳು ಕೆಟ್ಟಿರುತ್ತವೆ. ಅದೂ ಒಂದು ಟಿಸಿಯ ಮೋಟಾರುಗಳಷ್ಟೇ ಅಲ್ಲ, ಎಲ್ಲ ಟಿಸಿಗಳ ಕೆಳಗೂ ಅಲ್ಲೊಂದು ಇಲ್ಲೊಂದು. ಎರಡು ಕಾಯಿಲೆಗಳಲ್ಲಿ ಕೈಕಾಲು ಸೋಲುವ ರೀತಿ ಬೇರೆಯಾಗುವುದರ ಮೂಲ ಇದು.

ಕೆಲವು ವರ್ಷಗಳ ಹಿಂದೆ ಮಂಡ್ಯ ಕಡೆಯ ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಬಂದಿದ್ದರು. ವಯಸ್ಸು 54. ಅವರು ಹೇಳಿದ ಮೊದಲ ಮಾತು, "ಮುದ್ದೆ ಮುರಿಯೋಕೆ ಬರ್ತಿಲ್ಲ ಸಾರ್." ಮುದ್ದೆ ಮುರಿಯುವಾಗ ಹೆಬ್ಬೆರಳು ತೋರುಬೆರಳು ಕತ್ತರಿಯಂತೆ ಕೂಡಬೇಕು. ಅದೇ ಹೋಗಿತ್ತು. ಅಂಗಿ ಗುಂಡಿ, ಬೀಗದ ಕೀ, ಲಾಡಿ ಗಂಟು, ಎಲ್ಲಕ್ಕೂ ಹೆಂಡತಿಯನ್ನು ಕರೆಯಬೇಕಾಗಿತ್ತು. ಆದರೆ ಬೆಲ್ಲದ ಅಚ್ಚಿನ ಬುಟ್ಟಿಯನ್ನು ಹೆಗಲ ಮೇಲೆ ಎತ್ತಿಕೊಳ್ಳುತ್ತಿದ್ದರು. ನೆಲದಿಂದ ಏಳುವುದಕ್ಕೆ, ಬಸ್ಸು ಹತ್ತುವುದಕ್ಕೆ ತೊಂದರೆಯೇ ಇರಲಿಲ್ಲ. ತುದಿ ಸೋತಿದೆ, ಬುಡ ಗಟ್ಟಿ. ಬಲಗೈ ಸೋತಿದೆ, ಎಡಗೈ ಸರಿ. ಇದು ಒಂದು ಕಡೆಯಿಂದ ಶುರುವಾಗುವ ಕಾಯಿಲೆ.

ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಒಬ್ಬ ಹೆಣ್ಣುಮಗಳು ಬಂದಿದ್ದಳು, 26 ವರ್ಷ. ಅವಳಿಗೆ ಮುದ್ದೆ ಮುರಿಯುವುದು, ಸೂಜಿಗೆ ದಾರ ಪೋಣಿಸುವುದು ಏನೂ ತೊಂದರೆಯಿರಲಿಲ್ಲ. ನಾಟಿಗೆ ಹೋದರೆ ಬಗ್ಗಿದವಳು ಏಳಲು ಆಗುತ್ತಿರಲಿಲ್ಲ. ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತರೆ ನಲ್ಲಿ ಹಿಡಿದುಕೊಂಡು ಏಳಬೇಕು. ಜಡೆ ಹಾಕಲು ಕೈ ಮೇಲೆತ್ತಿದರೆ ಅರ್ಧಕ್ಕೆ ಇಳಿದುಬಿಡುತ್ತಿತ್ತು. ಎರಡು ತೊಡೆ, ಎರಡು ಭುಜ, ಸರಿಸಮವಾಗಿ. ಬುಡ ಸೋತಿದೆ, ತುದಿ ಗಟ್ಟಿ. ಇದು ಸ್ನಾಯುವಿನ ಕಾಯಿಲೆಯ ಮಾಮೂಲಿ ಮುಖ.

ನಿಮ್ಮ ಚಿಕ್ಕಪ್ಪನ ಮಗನೂ ಚಿಕ್ಕವನಿದ್ದಾಗ ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೇ ಕೈಯೂರಿ, ತನ್ನ ಮೈಯನ್ನೇ ಹತ್ತುವ ಹಾಗೆ ಎದ್ದಿರುತ್ತಾನೆ. ಮೀನಖಂಡ ಪೈಲ್ವಾನರ ಕಾಲಿನಂತೆ ದಪ್ಪ ಕಂಡಿರುತ್ತದೆ. ಮನೆಯಲ್ಲಿ ಕೇಳಿ ನೋಡಿ. 13ಕ್ಕೆ ನಡಿಗೆ ನಿಂತಿದೆ ಎಂದರೆ ಡುಶೆನ್ ಎಂಬ ಕಾಯಿಲೆಯ ಅನುಮಾನವೇ ಮೊದಲು ಬರುತ್ತದೆ.

ಮತ್ತೆ ಆಲೆಮನೆಯವರ ಕೈಗೆ ಬರೋಣ. ಅವರ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಕೈಯ ಹಿಂಭಾಗದಲ್ಲಿ, ಗುಳಿ. ಆದರೆ ಕಿರುಬೆರಳ ಬುಡದ ಉಬ್ಬು ತುಂಬಿಕೊಂಡೇ ಇತ್ತು. ಇದಕ್ಕೆ ಒಡೆದ ಕೈ ಎನ್ನುತ್ತಾರೆ, ಅಂದರೆ ಅರ್ಧ ಬತ್ತಿ ಅರ್ಧ ಉಳಿದ ಕೈ. ಇದರಲ್ಲಿ ಒಂದು ಚಂದದ ತರ್ಕವಿದೆ. ಗುಳಿ ಬಿದ್ದ ಜಾಗದ ಸ್ನಾಯುವಿಗೂ ಕಿರುಬೆರಳ ಬುಡದ ಸ್ನಾಯುವಿಗೂ ಹೋಗುವುದು ಒಂದೇ ನರ, ಮೊಣಕೈಯ ಹಿಂದೆ ತಾಗಿದರೆ ಝುಮ್ ಅನ್ನುತ್ತದಲ್ಲ, ಅದೇ. ಎರಡೂ ಬರುವುದು ಬೆನ್ನುಹುರಿಯ ಒಂದೇ ಮಟ್ಟದಿಂದ. ನರ ಒತ್ತಿಕೊಂಡಿದ್ದರೆ, ಅಥವಾ ಕತ್ತಿನಲ್ಲಿ ಅದರ ಬೇರು ಸಿಕ್ಕಿಕೊಂಡಿದ್ದರೆ, ಎರಡೂ ಬತ್ತಬೇಕಿತ್ತು. ಒಂದು ಬತ್ತಿ ಒಂದು ಉಳಿದಿದೆ ಎಂದರೆ ತಪ್ಪಿರುವುದು ಲೈನಿನಲ್ಲಲ್ಲ, ಟಿಸಿಯಲ್ಲಿ. ನಿಮ್ಮಣ್ಣನ ಎರಡು ಅಂಗೈಗಳನ್ನೂ ಪಕ್ಕಪಕ್ಕ ಇಟ್ಟು ನೀವೇ ನೋಡಬಹುದು. ಇದೊಂದರಿಂದಲೇ ತೀರ್ಮಾನ ಮಾತ್ರ ಮಾಡಬೇಡಿ.

ಇನ್ನು ಅದುರುವುದು. ಸಾಯುತ್ತಿರುವ ನರಕೋಶ ಸುಮ್ಮನೆ ಸಾಯುವುದಿಲ್ಲ. ಕಾರಣವಿಲ್ಲದೆ ಆಗಾಗ ಹೊತ್ತಿಕೊಳ್ಳುತ್ತದೆ. ಆಗ ಅದರ ಕೈಕೆಳಗಿನ ಎಳೆಗಳೆಲ್ಲ ಒಟ್ಟಿಗೆ ಜಗ್ಗುತ್ತವೆ. ಚರ್ಮದಡಿ ಹುಳು ಹರಿದಂತೆ ಕಾಣುತ್ತದೆ. ಸ್ನಾಯುವಿನ ಕಾಯಿಲೆಯಲ್ಲಿ ಹೀಗಾಗುವುದಿಲ್ಲ, ಯಾಕೆಂದರೆ ನರಕೋಶ ಅಲ್ಲಿ ಆರೋಗ್ಯವಾಗಿದೆ. ಆದರೆ ಬರೀ ಅದುರುವುದನ್ನು ನೋಡಿ ಯಾರೂ ಹೆದರಬಾರದು. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ, ಚಿಂತೆಯಲ್ಲಿದ್ದಾಗ ರೆಪ್ಪೆ, ಮೀನಖಂಡ ಅದುರುವುದು ಯಾರಿಗಾದರೂ ಆಗುತ್ತದೆ. ನನ್ನ ಹತ್ತಿರ ಅದುರುತ್ತೆ ಎಂದು ಬರುವವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ, ಮೊಬೈಲಿನಲ್ಲಿ ಓದಿದ ಭಯ ಬಿಟ್ಟು. ಅದುರುವ ಜಾಗದಲ್ಲೇ ಮಾಂಸ ಇಳಿದಿದ್ದರೆ, ಶಕ್ತಿ ಹೋಗಿದ್ದರೆ ಮಾತ್ರ ಅದಕ್ಕೆ ಅರ್ಥ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ರಬ್ಬರ್ ಸುತ್ತಿಗೆಯದು. ಕೆಳಗಿನ ನರಕೋಶ ಮಾತ್ರ ಸತ್ತಿದ್ದರೆ ಬತ್ತಿದ ಕೈಗೆ ಸುತ್ತಿಗೆಯಲ್ಲಿ ತಟ್ಟಿದಾಗ ಅದು ಜಗ್ಗಬಾರದು. ಮೇಲಿನ ನರಕೋಶ ಕೆಟ್ಟರೆ ಇದು ತಿರುಗುಮುರುಗಾಗುತ್ತದೆ. ಯಾಕೆಂದರೆ ಮೇಲಿನಿಂದ ಬರುವ ಲೈನು ಕೆಳಗಿನದನ್ನು ಅಂಕೆಯಲ್ಲೂ ಇಟ್ಟಿರುತ್ತದೆ. ಲಗಾಮು ಹೋದರೆ ಚಿಕ್ಕ ತಟ್ಟಿಗೂ ಕೈ ಚಿಮ್ಮುತ್ತದೆ. ಮೋಟಾರ್ ನ್ಯೂರಾನ್ ಕಾಯಿಲೆಯ ಸಾಮಾನ್ಯ ರೂಪವಾದ ಎಎಲ್‌ಎಸ್‌ನಲ್ಲಿ ಎರಡೂ ಕೆಡುತ್ತವೆ. ಆಲೆಮನೆಯವರ ತೋಳು ಬತ್ತಿತ್ತು, ಅದುರುತ್ತಿತ್ತು, ಆದರೂ ತಟ್ಟಿದರೆ ಎಡಗೈಗಿಂತ ಜೋರಾಗಿ ಜಗ್ಗುತ್ತಿತ್ತು. ಬತ್ತಿದ ಕೈ ಹೀಗೆ ಜೋರಾಗಿ ಜಗ್ಗುವುದು ಸ್ನಾಯುವಿನ ಕಾಯಿಲೆಯಿಂದ ಸಾಧ್ಯವಿಲ್ಲ. ಅಲ್ಲಿ ಜಗ್ಗು ಮೊದಲು ಮಾಮೂಲಾಗಿರುತ್ತದೆ, ಸ್ನಾಯು ಕರಗಿದಂತೆ ಅದೂ ಕರಗುತ್ತದೆ.

ಅವರ ಕಥೆಯಲ್ಲಿ ಒಂದು ಬೇಸರದ ತಿರುವಿತ್ತು. ನನ್ನ ಹತ್ತಿರ ಬರುವ ಐದು ತಿಂಗಳ ಮುಂಚೆ ಅವರಿಗೆ ಬೇರೆ ಕಡೆ ಕತ್ತಿನ ಆಪರೇಷನ್ ಆಗಿತ್ತು. ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ ಎಂದಿತ್ತು. 54ರ ವಯಸ್ಸಲ್ಲಿ ಹೊರೆ ಹೊತ್ತ ಯಾರ ಕತ್ತಿನ ಎಂಆರ್‌ಐ ತೆಗೆದರೂ ಹೆಚ್ಚಾಗಿ ಡಿಸ್ಕ್ ಉಬ್ಬಿರುತ್ತದೆ. ಕತ್ತಿನ ಸವೆತವೂ ಕೈ ಬತ್ತಿಸಿ ಕಾಲಿನ ಜಗ್ಗು ಹೆಚ್ಚಿಸಬಲ್ಲದು, ಆದ್ದರಿಂದ ಈ ತಪ್ಪು ಎಲ್ಲಿ ಬೇಕಾದರೂ ಆಗುವಂಥದ್ದು. ಅದನ್ನು ಬಿಡಿಸಿಕೊಳ್ಳುವ ದಾರಿ ಕತ್ತಿಗಿಂತ ಮೇಲೆ ನೋಡುವುದು. ನಾಲಿಗೆಯನ್ನು ಬಾಯೊಳಗೇ ಸಡಿಲ ಬಿಡಲು ಹೇಳಿದೆ. ಅಂಚು ಸುಕ್ಕಾಗಿತ್ತು, ಮೇಲ್ಮೈಯಲ್ಲಿ ಸಣ್ಣ ಅಲೆ ಏಳುತ್ತಿತ್ತು. ಗದ್ದಕ್ಕೆ ತಟ್ಟಿದರೆ ದವಡೆ ಜಗ್ಗಿತು. ಕತ್ತಿನ ಡಿಸ್ಕ್ ನಾಲಿಗೆಯನ್ನು ಬತ್ತಿಸಲಾರದು. ಕೈಯಲ್ಲಿ ಮರಗಟ್ಟುವಿಕೆ, ಉರಿ, ಜೋಮು ಒಂದೂ ಇರಲಿಲ್ಲ. ಮೂತ್ರದ ಹಿಡಿತ ಸರಿಯಿತ್ತು. ಕಣ್ಣು ಎಲ್ಲ ದಿಕ್ಕಿಗೂ ಹೊರಳುತ್ತಿತ್ತು. ಈ ಕಾಯಿಲೆ ಸ್ಪರ್ಶವನ್ನು, ಕಣ್ಣಿನ ಚಲನೆಯನ್ನು, ಮಲಮೂತ್ರದ ಹಿಡಿತವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ನಿಮ್ಮಣ್ಣನಿಗೆ ಕೈ ಮರಗಟ್ಟುತ್ತದೆಯೇ ಎಂದು ಕೇಳಿ. ಹೌದು ಎಂದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ, ದಾರಿ ಬೇರೆಯಾಗಬಹುದು.

ಈಗ ನಿಮ್ಮ ಸಿಪಿಕೆ 420. ಸಿಪಿಕೆ ಸ್ನಾಯುವಿನೊಳಗಿನ ಕಿಣ್ವ. ಎಳೆ ಒಡೆದರೆ ರಕ್ತಕ್ಕೆ ಸೋರುತ್ತದೆ. ಮಾಮೂಲು ಮಿತಿ ಗಂಡಸರಲ್ಲಿ ಸುಮಾರು 200, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ. 420 ಜಾಸ್ತಿ ಹೌದು. ಆದರೆ ನರ ಕಳೆದುಕೊಂಡ ಎಳೆಗಳೂ ಒಡೆಯುತ್ತವೆ, ಹಾಗಾಗಿ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲೂ ಸಿಪಿಕೆ ಇಷ್ಟು ಏರುವುದು ಸಾಮಾನ್ಯ. ಹಿಂದಿನ ದಿನ ಕಬ್ಬು ಕಡಿದು ಬಂದ ಗಟ್ಟಿಮುಟ್ಟಾದ ಆಳಿನಲ್ಲೂ ಇದಕ್ಕಿಂತ ಹೆಚ್ಚು ಬರಬಹುದು. ನಿಮ್ಮ ಚಿಕ್ಕಪ್ಪನ ಮಗನ ಹಳೆಯ ರಿಪೋರ್ಟ್ ಸಿಕ್ಕರೆ ನೋಡಿ. ಡುಶೆನ್‌ನಲ್ಲಿ ಚಿಕ್ಕ ವಯಸ್ಸಲ್ಲಿ ಸಾವಿರಗಳಲ್ಲಿ, ಎಷ್ಟೋ ಸಲ ಹತ್ತು ಸಾವಿರ ದಾಟಿ ಇರುತ್ತದೆ. ಹಾಗಾಗಿ ಇನ್ನೂರು, ಮುನ್ನೂರು ಜಾಸ್ತಿ ಬಂದಿದೆ ಎಂದು ಮಸಲ್ ಕಾಯಿಲೆ ಎಂದುಬಿಡುವುದು ಸರಿಯಲ್ಲ.

ಸಂಶಯ ಬಿಡಿಸುವುದು ಇಎಂಜಿ. ಸ್ನಾಯುವಿಗೆ ತೆಳು ಸೂಜಿ ಚುಚ್ಚಿ ಅದರ ವಿದ್ಯುತ್ ಅಲೆ ನೋಡುತ್ತಾರೆ. ಸ್ವಲ್ಪ ನೋವಾಗುತ್ತದೆ, ಮುಚ್ಚುಮರೆ ಯಾಕೆ. ಇಲ್ಲಿ ಟಿಸಿಯ ಲೆಕ್ಕ ಕಣ್ಣಿಗೇ ಕಾಣುತ್ತದೆ. ನರಕೋಶ ಸತ್ತಿದ್ದರೆ ಉಳಿದ ಕೆಲವೇ ಕೋಶಗಳು ದತ್ತು ತೆಗೆದುಕೊಂಡ ಎಳೆಗಳನ್ನೂ ಸೇರಿಸಿ ಎಳೆಯುತ್ತವೆ. ಪರದೆಯಲ್ಲಿ ಎತ್ತರದ, ಅಗಲದ, ವಿರಳವಾದ ಅಲೆಗಳು. ಸ್ನಾಯುವಿನ ಕಾಯಿಲೆಯಲ್ಲಿ ಕೋಶಗಳೆಲ್ಲ ಇವೆ, ಪ್ರತಿಯೊಂದರ ಕೈಕೆಳಗೆ ಎಳೆ ಕಡಿಮೆ. ಸಣ್ಣ, ಗಿಡ್ಡ ಅಲೆಗಳು, ಸ್ವಲ್ಪ ಬಲ ಹಾಕಿದರೂ ಪರದೆ ತುಂಬ ಗಿಜಿಗುಡುತ್ತವೆ. ಸೋತ ಕೈಗೆ ಮಾತ್ರ ಸೂಜಿ ಹಾಕಿ ನಿಲ್ಲಿಸಬಾರದು. ಸರಿಯಿದೆ ಎನ್ನುವ ಕಾಲು, ಬೆನ್ನು, ನಾಲಿಗೆಯಲ್ಲೂ ನೋಡಬೇಕು. ಅಲ್ಲೂ ನರ ಸಾಯುತ್ತಿರುವ ಗುರುತು ಸಿಕ್ಕರೆ ಕಾಯಿಲೆ ಒಂದೇ ಕೈಯದಲ್ಲ ಎಂದು ಗೊತ್ತಾಗುತ್ತದೆ.

ಜೊತೆಗೆ ನರದ ವೇಗ ಅಳೆಯುವ ಎನ್‌ಸಿವಿ ಕೂಡ ಮಾಡಿಸಲೇಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಒಂದು ಕೈಯಿಂದ ಶುರುವಾಗಿ, ನೋವಿಲ್ಲದೆ, ಅದುರುತ್ತಾ ಬರುವ ಇನ್ನೊಂದು ಕಾಯಿಲೆ ಇದೆ. ನಮ್ಮದೇ ರೋಗನಿರೋಧಕ ಶಕ್ತಿ ನರದ ಮೇಲೆ ಬಿದ್ದು ಮಧ್ಯದಲ್ಲಿ ಸಿಗ್ನಲ್ ತಡೆದುಬಿಡುತ್ತದೆ. ಎನ್‌ಸಿವಿಯಲ್ಲಿ ಆ ತಡೆ ಸಿಗುತ್ತದೆ. ಅದಕ್ಕೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಚಿಕಿತ್ಸೆ ಇದೆ, ದುಬಾರಿ, ಆದರೆ ಹೆಚ್ಚಿನವರಲ್ಲಿ ಕೈಯ ಬಲ ಸುಧಾರಿಸುತ್ತದೆ. ಅದನ್ನು ತಪ್ಪಾಗಿ ಎಎಲ್‌ಎಸ್ ಎಂದು ಕರೆದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ತುದಿ, ಬುಡದ ನಿಯಮಕ್ಕೆ ಅಪವಾದಗಳಿವೆ. ಐವತ್ತು ದಾಟಿದವರಲ್ಲಿ, ಹೆಚ್ಚಾಗಿ ಗಂಡಸರಲ್ಲಿ, ಬರುವ ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಸ್ನಾಯುವಿನ ಕಾಯಿಲೆಯೇ. ಆದರೆ ಅದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬರುತ್ತದೆ. ಬೆರಳು ಮಡಿಸುವ ಶಕ್ತಿ ಹೋಗುತ್ತದೆ, ತೊಡೆಯ ಮುಂಭಾಗ ಬತ್ತಿ ಮೊಣಕಾಲು ಇದ್ದಕ್ಕಿದ್ದಂತೆ ಮಡಚಿ ಬೀಳುತ್ತಾರೆ. ಇದನ್ನು ಎಎಲ್‌ಎಸ್ ಎಂದು ತಪ್ಪು ತಿಳಿಯುವುದು ಹೊಸದೇನಲ್ಲ. ಆದರೆ ಅಲ್ಲಿ ಜಗ್ಗು ಹೆಚ್ಚಿರುವುದಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಪಾದ ಎತ್ತಲಾಗದೆ ಚಪ್ಪಲಿ ಜಾರುವ ಜಿಎನ್‌ಇ ಎಂಬ ಸ್ನಾಯು ಕಾಯಿಲೆಯೂ ಇದೆ. ಇನ್ನೊಂದು ಕಡೆ, 15ರಿಂದ 25ರ ಹುಡುಗರಲ್ಲಿ ಒಂದೇ ಕೈ ಬತ್ತಿ ಕೆಲವು ವರ್ಷಕ್ಕೆ ತಾನೇ ನಿಂತುಬಿಡುವ ಕಾಯಿಲೆ. ಜಪಾನಿನ ಹಿರಾಯಾಮ ಅವರು 1959ರಲ್ಲಿ ಇದನ್ನು ವರ್ಣಿಸಿದರು. ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಡಾ. ಗೌರಿದೇವಿ ಅವರು ಎಂಬತ್ತರ ದಶಕದಲ್ಲಿ ಇಂಥ ರೋಗಿಗಳ ಬಗ್ಗೆ ಬರೆದರು. ಇದೂ ಬೆನ್ನುಹುರಿಯ ನರಕೋಶದ್ದೇ ತೊಂದರೆ, ಆದರೆ ಜೀವಕ್ಕೆ ಕುತ್ತಲ್ಲ. ನಿಮ್ಮಣ್ಣನ ವಯಸ್ಸು 51, ಅದಕ್ಕೆ ಹೊಂದುವುದಿಲ್ಲ. ಈ ಲೇಖನ ಓದಿ ಯಾರಾದರೂ ಹದಿನೆಂಟರ ಹುಡುಗನಿಗೆ ಎಎಲ್‌ಎಸ್ ಎಂದು ಹೆಸರಿಡದಿರಲಿ ಎಂದು ಬರೆದೆ, ಅಷ್ಟೇ.

ಕಾರಣಕ್ಕೆ ಬರೋಣ. ಮೊದಲು ಮನೆತನದ ಪ್ರಶ್ನೆ. ಡುಶೆನ್ ಬರುವುದು ತಾಯಿಯ ಕಡೆಯಿಂದ ಬರುವ ಎಕ್ಸ್ ಕ್ರೋಮೋಸೋಮಿನ ಮೂಲಕ, ಇಲ್ಲವೇ ಆ ಮಗುವಿನಲ್ಲೇ ಹೊಸದಾಗಿ ಆದ ಬದಲಾವಣೆಯಿಂದ. ಗಂಡುಮಗನಿಗೆ ಅಪ್ಪನಿಂದ ಎಕ್ಸ್ ಬರುವುದೇ ಇಲ್ಲ. ಅಂದರೆ ಆ ಹುಡುಗನ ಕಾಯಿಲೆಯ ಎಳೆ ಇದ್ದರೆ ನಿಮ್ಮ ಚಿಕ್ಕಮ್ಮನ ತವರಿನಲ್ಲಿದೆ, ನಿಮ್ಮ ಚಿಕ್ಕಪ್ಪನಲ್ಲಿ ಅಲ್ಲ. ನಿಮ್ಮಣ್ಣನಿಗೂ ಅವನಿಗೂ ರಕ್ತಸಂಬಂಧ ಚಿಕ್ಕಪ್ಪನ ಮೂಲಕ. ಹಾಗಾಗಿ ಎರಡೂ ಒಂದೇ ಬೇರಿನವು ಅನ್ನಲು ದಾರಿಯಿಲ್ಲ. ಚಿಕ್ಕಮ್ಮ, ಅವರ ಅಕ್ಕತಂಗಿಯರು ಜೀನ್ ಪರೀಕ್ಷೆ ಮಾಡಿಸಿಕೊಳ್ಳುವುದು ಮಾತ್ರ ಒಳ್ಳೆಯದು.

ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯಾ ಎಂದು ತುಂಬ ಜನ ಕೇಳುತ್ತಾರೆ. ನಾನು ಹೇಳಿದ 26ರ ಹೆಣ್ಣುಮಗಳ ಅಪ್ಪ ಅಮ್ಮ ಸೋದರಮಾವ, ಅಕ್ಕನ ಮಗಳು. ಅಂಥ ಸ್ನಾಯು ಕಾಯಿಲೆಗಳಲ್ಲಿ ಹಲವಕ್ಕೆ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬರಬೇಕು, ಆದ್ದರಿಂದ ಒಳಸಂಬಂಧದಲ್ಲಿ ಹೆಚ್ಚು ಕಾಣುತ್ತವೆ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಇದು ಮುಖ್ಯ ಮಾತಲ್ಲ. ಅದು ಮನೆತನದಲ್ಲಿ ಬಂದಾಗ ಹೆಚ್ಚಾಗಿ ಒಂದೇ ಕೆಟ್ಟ ಪ್ರತಿ ಸಾಕು, ಅಪ್ಪನಿಂದ ಅಥವಾ ಅಮ್ಮನಿಂದ ಮಗುವಿಗೆ ಅರ್ಧಕ್ಕರ್ಧ ಸಂಭವ.

ಆದರೆ ಹಾಗೆ ಮನೆತನದಲ್ಲಿ ಬರುವುದು ನೂರಕ್ಕೆ ಐದರಿಂದ ಹತ್ತು ಜನರಲ್ಲಿ. ಉಳಿದವರ ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ಮೊದಲು ಸಿಕ್ಕ ಜೀನ್ ಎಸ್‌ಒಡಿ1, 1993ರಲ್ಲಿ. 2011ರಲ್ಲಿ ಸಿ9ಓಆರ್‌ಎಫ್72 ಸಿಕ್ಕಿತು. ಯುರೋಪಿನ ಮನೆತನಗಳಲ್ಲಿ ಅದೇ ಹೆಚ್ಚು, ಏಷ್ಯಾದವರಲ್ಲಿ ಅಷ್ಟು ಕಾಣುವುದಿಲ್ಲ. ಇನ್ನೊಂದು ದೊಡ್ಡ ಸುಳಿವು 2006ರದು. ಸತ್ತ ರೋಗಿಗಳ ನರಕೋಶಗಳಲ್ಲಿ ಗಂಟುಗಂಟಾಗಿ ಕಾಣುತ್ತಿದ್ದ ವಸ್ತು ಟಿಡಿಪಿ-43 ಎಂಬ ಪ್ರೋಟೀನ್ ಎಂದು ಗೊತ್ತಾಯಿತು. ಕೋಶದ ಕೇಂದ್ರದೊಳಗಿದ್ದು ಕೆಲಸ ಮಾಡಬೇಕಾದ್ದು ಹೊರಗೆ ಬಂದು ಗಡ್ಡೆಕಟ್ಟಿಕೊಳ್ಳುತ್ತದೆ. ಜೀನ್ ಇರಲಿ ಬಿಡಲಿ, ಎಎಲ್‌ಎಸ್ ಬಂದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನರ ಕೋಶಗಳಲ್ಲಿ ಇದೇ ಕಾಣುತ್ತದೆ. ಎಸ್‌ಒಡಿ1 ಕೆಟ್ಟವರಂಥ ಕೆಲವರಲ್ಲಿ ಮಾತ್ರ ಗಡ್ಡೆ ಬೇರೆ. ಅಂದರೆ ಬೇರೆ ಬೇರೆ ಊರಿಂದ ಹೊರಟ ದಾರಿಗಳು ಹೆಚ್ಚುಕಡಿಮೆ ಒಂದೇ ಸಂತೆಗೆ ಬಂದು ಸೇರುತ್ತವೆ. ಯಾಕೆ ಹೊರಟವು ಎಂಬುದು ಹೆಚ್ಚಿನವರಲ್ಲಿ ತಿಳಿಯದು.

ಔಷಧಿ ಹೊಡೆದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಕೀಟನಾಶಕದ ಸಂಪರ್ಕ ಹೆಚ್ಚಿದ್ದವರಲ್ಲಿ ಈ ಕಾಯಿಲೆ ಸ್ವಲ್ಪ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಸೀಸ, ಸಿಗರೇಟು, ಸೈನ್ಯದ ಸೇವೆ, ಇವುಗಳ ಬಗ್ಗೆಯೂ ಅಂಥ ಸಂಬಂಧ ಕಂಡಿದೆ. ಆದರೆ ಸಂಬಂಧ ಬೇರೆ, ಕಾರಣ ಬೇರೆ. ಮಂಡ್ಯ ಜಿಲ್ಲೆಯಲ್ಲಿ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಗದ್ದೆಗೆ ಇಳಿಯದ ರೈತ ಯಾರಿದ್ದಾನೆ? ಈ ಕಾಯಿಲೆ ಹೊಸದಾಗಿ ಬರುವುದು ವರ್ಷಕ್ಕೆ ಲಕ್ಷದಲ್ಲಿ ಒಬ್ಬಿಬ್ಬರಿಗೆ. ಹಾಗಾಗಿ ನಿಮ್ಮಣ್ಣನಿಗೆ ಔಷಧಿಯಿಂದಲೇ ಬಂತು ಎಂದು ಯಾವ ಡಾಕ್ಟರೂ ಹೇಳಲಾರ, ಅದರ ಪಾತ್ರ ಒಂದಿಷ್ಟೂ ಇಲ್ಲ ಎಂದೂ ಹೇಳಲಾರ. ಕೀಟನಾಶಕ ನೇರವಾಗಿ ನರ ಕೆಡಿಸುವುದು ಬೇರೆ ತರಹ. ಕೆಲವು ಆರ್ಗನೋಫಾಸ್ಫೇಟ್ ಔಷಧಿ ಜಾಸ್ತಿ ಮೈಸೇರಿದ ಎರಡು ಮೂರು ವಾರಕ್ಕೆ ಎರಡೂ ಪಾದ ಜೋಮು ಹಿಡಿದು ಸೋಲುತ್ತವೆ. ಅದು ಒಂದು ಕೈಯ ಹೆಬ್ಬೆರಳಿನಿಂದ ತಿಂಗಳುಗಟ್ಟಲೆ ಮೆಲ್ಲಗೆ ಬರುವುದಿಲ್ಲ.

ಸುತ್ತಲಿನ ವಾತಾವರಣಕ್ಕೆ ಪಾತ್ರವಿದೆ ಎಂದು ನಂಬಲು ಬಲವಾದ ಕಾರಣ ಗ್ವಾಮ್ ದ್ವೀಪದಿಂದ ಬಂತು. ಪೆಸಿಫಿಕ್ ಸಾಗರದ ಈ ದ್ವೀಪದ ಚಮೋರೊ ಜನರಲ್ಲಿ 1950ರ ದಶಕದಲ್ಲಿ ಎಎಲ್‌ಎಸ್ ಬೇರೆ ಕಡೆಗಿಂತ ಐವತ್ತು ನೂರು ಪಟ್ಟು ಹೆಚ್ಚಿತ್ತು. ಆಮೇಲಿನ ದಶಕಗಳಲ್ಲಿ ತಾನಾಗಿ ಇಳಿಯಿತು. ಜೀನು ಒಂದೆರಡು ತಲೆಮಾರಿನಲ್ಲಿ ಬದಲಾಗುವುದಿಲ್ಲ, ಬದಲಾಗಿದ್ದು ಬದುಕು, ಊಟ. ಅವರು ತಿನ್ನುತ್ತಿದ್ದ ಸೈಕಾಡ್ ಮರದ ಬೀಜದ ಹಿಟ್ಟಿನ ಮೇಲೆ ಅನುಮಾನ ಬಿತ್ತು. ಅದು ಇವತ್ತಿಗೂ ಅನುಮಾನವೇ, ಸಾಬೀತಾಗಿಲ್ಲ. ಈಗ ಹೆಚ್ಚಿನವರು ಒಪ್ಪುವ ಚಿತ್ರವೆಂದರೆ ಒಂದೇ ಏಟಿಗೆ ಈ ಕಾಯಿಲೆ ಬರುವುದಿಲ್ಲ. ವಯಸ್ಸಿನ ಲೆಕ್ಕ ಹಾಕಿದ 2014ರ ಒಂದು ಅಧ್ಯಯನ ಆರು ಮೆಟ್ಟಿಲು ದಾಟಬೇಕು ಎಂದಿತು. ಹುಟ್ಟಿನಿಂದಲೇ ಒಂದು ಕೆಟ್ಟ ಜೀನ್ ಇದ್ದವರು ಕೆಲವು ಮೆಟ್ಟಿಲು ಮೇಲಿನಿಂದ ಶುರುಮಾಡುತ್ತಾರೆ, ಅಷ್ಟೇ. ಐವತ್ತರ ಮೇಲೆ ಹೆಚ್ಚು ಬರುವುದಕ್ಕೂ ಇದು ಹೊಂದುತ್ತದೆ.

ನಿಮ್ಮಣ್ಣನ ಮಕ್ಕಳ ಬಗ್ಗೆ. ಮನೆತನದಲ್ಲಿ ಬೇರೆ ಯಾರಿಗೂ ಕೈಕಾಲು ಬತ್ತಿ, ಮಾತು ತೊದಲಿ ಹೋದದ್ದಿಲ್ಲ ಎಂದಾದರೆ ಮಕ್ಕಳ ಅಪಾಯ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಆದರೂ ತೀರಾ ಕಡಿಮೆಯೇ. ಈಗ ಮಕ್ಕಳ ರಕ್ತ ಪರೀಕ್ಷೆ ಮಾಡಿಸಬೇಡಿ. ಕಾಯಿಲೆ ಖಚಿತವಾದರೆ ನಿಮ್ಮಣ್ಣನ ಜೀನ್ ಪರೀಕ್ಷೆ ಮಾಡಿಸಬಹುದು. ಎಸ್‌ಒಡಿ1 ಕೆಟ್ಟಿರುವುದು ಕಂಡರೆ ಅದಕ್ಕೆಂದೇ ಟೋಫರ್ಸೆನ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದು ಎಲ್ಲರಿಗಲ್ಲ. ಎಲ್ಲರಿಗೂ ಕೊಡುವುದು ರಿಲುಜೋಲ್, 50 ಮಿಲಿಗ್ರಾಂ ದಿನಕ್ಕೆರಡು ಸಲ. ಕಾಯಿಲೆ ವಾಸಿಮಾಡುವುದಿಲ್ಲ, ವೇಗ ತಗ್ಗಿಸುತ್ತದೆ. ಪ್ರಯೋಗಗಳಲ್ಲಿ ಆಯುಷ್ಯ ಎರಡು ಮೂರು ತಿಂಗಳು ಹೆಚ್ಚಿತು. ಶುರುವಿನಲ್ಲಿ ಆಗಾಗ ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಸ್ನಾಯು ಕಾಯಿಲೆ ಎಂದುಕೊಂಡು ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರೆ ಒಳಿತಾಗುವುದಿಲ್ಲ, ಸಕ್ಕರೆ ಏರುತ್ತದೆ, ತೊಡೆಯ ಬಲ ಇನ್ನೂ ಇಳಿಯುತ್ತದೆ. ಇಎಂಜಿ ಆಗುವ ತನಕ ಯಾರಾದರೂ ಅದನ್ನು ಬರೆದರೆ ಯಾಕೆ ಎಂದು ಕೇಳಿ.

ಮುಂದಿನ ಸಲ ಹೋಗುವಾಗ ಕತ್ತಿನ ಎಂಆರ್‌ಐ, ಥೈರಾಯ್ಡ್, ಬಿ12 ರಿಪೋರ್ಟುಗಳ ಜೊತೆ ಒಂದು ವಿಡಿಯೋ ಕೂಡ ಒಯ್ಯಿರಿ. ಅಂಗಿ ಬಿಚ್ಚಿ ಕೂರಿಸಿ, ತೋಳು ಸಡಿಲ ಬಿಟ್ಟಿರುವಾಗ ಅದುರುವುದನ್ನು ಒಂದೆರಡು ನಿಮಿಷ ಮೊಬೈಲಿನಲ್ಲಿ ತೆಗೆಯಿರಿ. ಡಾಕ್ಟರ ರೂಮಿನ ಐದು ನಿಮಿಷದಲ್ಲಿ ಅದು ಕಾಣದೇ ಇರಬಹುದು. ಮಾತು ಮೂಗಿನಲ್ಲಿ ಬರತೊಡಗಿದರೆ, ನೀರು ಕುಡಿದಾಗ ಕೆಮ್ಮು ಬಂದರೆ, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ನಿಮಗೆ ಹತ್ತಿರದಲ್ಲೇ ಇದೆ, ನುಂಗುವುದರ ತಪಾಸಣೆ ಅಲ್ಲಿ ಆಗುತ್ತದೆ. ಮಲಗಿದರೆ ಉಸಿರು ಸಾಲದೆ ಎದ್ದು ಕೂರುವುದು, ಬೆಳಗ್ಗೆ ತಲೆನೋವಿನಲ್ಲೇ ಏಳುವುದು, ಹಗಲೆಲ್ಲ ತೂಕಡಿಕೆ, ಇವು ಉಸಿರಿನ ಸ್ನಾಯು ಸೋಲುವ ಗುರುತು. ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಅದೇ ವಾರ ಕರೆದುಕೊಂಡು ಹೋಗಿ. ರಾತ್ರಿ ಮುಖಕ್ಕೆ ಹಾಕುವ, ಉಸಿರಿಗೆ ನೆರವಾಗುವ ಬೈಪ್ಯಾಪ್ ಯಂತ್ರ ಸರಿಯಾದ ಹೊತ್ತಿಗೆ ಸಿಕ್ಕರೆ ರಿಲುಜೋಲ್‌ಗಿಂತ ಅದೇ ಹೆಚ್ಚು ತಿಂಗಳು ಕೊಡಬಲ್ಲದು.